ಇಷ್ಟೇ ಮತ್ತು ಎಷ್ಟೋ

ಇಂಗ್ಲಿಷಿನ ನೋಟೀಸು ಯಾವುದನ್ನೇ ತಗೊಳ್ಳಿ, ಅದರಾಗ ಒಂದು ಕಂಸ ಇದ್ದೇ ಇರ್ತದ. ಕಂಸದ ಬಾಗಿಲಲ್ಲಿ ಎರಡು ಅಕ್ಷರ, ಎರಡು ಚುಕ್ಕಿ. ಒಂದೋ ಐ.ಇ., ಇಲ್ಲಾ ಇ.ಜಿ. ಓದುವವರು ಬಹಳ ಮಟ್ಟಿಗೆ ಆ ಅಕ್ಷರಗಳನ್ನು ಹಾರಿಸಿ ಮುಂದಿನ ಹೆಸರುಗಳನ್ನಷ್ಟೇ ಓದುತ್ತಾರೆ. ಬರೆಯುವವರೂ ಕೈಗೆ ಬಂದದ್ದನ್ನು ಹಾಕಿ ಮುಂದೆ ಹೋಗುತ್ತಾರೆ. ಎರಡೂ ಒಂದೇ, ‘ಅಂದ್ರ’ ಅನ್ನೋ ಅರ್ಥ, ಶಿಸ್ತಿನ ಇಂಗ್ಲಿಷಿನ ಒಂದು ಒಡವೆ ಅಂತ ಅವರ ನಂಬಿಕೆ. ಆದರೆ ಆ ಎರಡರ ನಡುವಿನ ವ್ಯತ್ಯಾಸದಿಂದ ಒಬ್ಬರ ಅರ್ಜಿ ನಿಲ್ಲಬಹುದು, ಇನ್ನೊಬ್ಬರ ಅರ್ಜಿ ತಿರಸ್ಕೃತವಾಗಬಹುದು. ಒಂದೇ ಹಾಳೆಯಲ್ಲಿ ಎರಡೂ ಆಗುವುದನ್ನು ನಮ್ಮ ಅಬ್ಬೆತುಮಕೂರಿನಲ್ಲೇ ನೋಡಿದೆ.

ಊರಿನಲ್ಲಿ ನನಗೆ ಇರುವ ಕೆಲಸ ಏನಂದರೆ, ಇಂಗ್ಲಿಷ್ ಕಾಗದ ಯಾರದೇ ಬರಲಿ ಓದಿ ಹೇಳುವುದು. ಬ್ಯಾಂಕಿನದು, ವಿಮೆಯದು, ಕಾಲೇಜಿನದು. ಹಂಗ ಒಂದು ದಿನ ಪಿಯುಸಿ ಮುಗಿಸಿದ ನಮ್ಮ ಓಣಿಯ ಹುಡುಗಿ ಮೊಬೈಲು ಹಿಡಕೊಂಡು ಬಂದಳು. ಯಾವುದೋ ಟ್ರಸ್ಟಿನವರು ಡಿಗ್ರಿಗೆ ಹೋಗುವ ಹೆಣ್ಣುಮಕ್ಕಳಿಗೆ ವಿದ್ಯಾರ್ಥಿವೇತನ ಕೊಡ್ತಾರಂತ. ಟ್ರಸ್ಟಿನ ಹೆಸರು ಇಲ್ಲಿ ಬೇಡ. ಒಳ್ಳೆ ಕೆಲಸ ಮಾಡುವವರು, ನೋಟೀಸು ಬರೆದವರಷ್ಟೇ ಅವಸರದವರು.

“ಕಾಕಾ, ಇದು ನಮಗ ಬರಂಗಿಲ್ಲಲ್ಲ? ರಾಯಚೂರು, ಕಲಬುರಗಿ ಅಷ್ಟೇ ಅಂತ ಅದ,” ಅಂದಳು.

ನೋಟೀಸಿನ ಮುಖ್ಯ ಸಾಲು ಎರಡು. ಮೊದಲನೆಯದರ ತಾತ್ಪರ್ಯ: ಉತ್ತರ ಕರ್ನಾಟಕದ ಹಿಂದುಳಿದ ಜಿಲ್ಲೆಗಳ (ಐ.ಇ. ರಾಯಚೂರು, ಕಲಬುರಗಿ) ವಿದ್ಯಾರ್ಥಿನಿಯರು ಅರ್ಜಿ ಹಾಕಬಹುದು. ಎರಡನೆಯದು: ಅರ್ಜಿಯ ಜೊತೆ ಅಗತ್ಯ ದಾಖಲೆಗಳನ್ನು (ಇ.ಜಿ. ರೇಷನ್ ಕಾರ್ಡು, ಆದಾಯ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡು) ಲಗತ್ತಿಸಬೇಕು.

ಮೊದಲ ಸಾಲನ್ನು ಹುಡುಗಿ ಓದಿದ್ದು ಸರಿಯಾಗಿಯೇ ಇತ್ತು. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕಂದರೆ ಇಂಥ ಕಡೆ ನಾವು ಕೂಡಲೇ ‘ಹಳ್ಳಿ ಹುಡುಗಿಗೆ ಇಂಗ್ಲಿಷ್ ತಿಳಿಲಿಲ್ಲ’ ಅಂದುಬಿಡ್ತೀವಿ. ತಿಳಿದಿತ್ತು. ಐ.ಇ. ಇದ್ದ ಮೇಲೆ ಆ ಕಂಸದ ಅರ್ಥ ‘ಹಿಂದುಳಿದ ಜಿಲ್ಲೆಗಳು ಅಂದರೆ ರಾಯಚೂರು ಮತ್ತು ಕಲಬುರಗಿ’ ಎಂದೇ. ಯಾದಗಿರಿ ಅದರಲ್ಲಿಲ್ಲ. ಆಕೆಗೆ ಹಕ್ಕಿಲ್ಲ. ಎಡವಿದ್ದು ಬರೆದವರು.

ಈ ಎರಡು ಸಂಕ್ಷೇಪಗಳೂ ಇಂಗ್ಲಿಷಿನವಲ್ಲ, ಲ್ಯಾಟಿನ್ ಭಾಷೆಯವು. ಐ.ಇ. ಅಂದರೆ ‘ಇದ್ ಎಸ್ತ್’. ಇದ್ ಎಂದರೆ ಅದು, ಎಸ್ತ್ ಎಂದರೆ ಇದೆ. ಸಂಸ್ಕೃತದ ‘ಅಸ್ತಿ’ಯೂ ಲ್ಯಾಟಿನ್ನಿನ ‘ಎಸ್ತ್’ ಕೂಡ ಒಂದೇ ಬೇರಿನ ಮಾತುಗಳು ಅಂತ ಭಾಷಾಶಾಸ್ತ್ರದವರು ಹೇಳುತ್ತಾರೆ. ನಮ್ಮ ಯಾದಗಿರಿ ಕಡೆಯ ಮಾತಿಗೆ ತಂದರೆ ಇನ್ನೂ ಮಜಾ ಅದ. ನಾವು ‘ಇದೆ’ ಅನ್ನಂಗಿಲ್ಲ, ‘ಅದ’ ಅಂತೀವಿ. ಹಂಗಾಗಿ ಇದ್ ಎಸ್ತ್ ಅಂದರೆ ‘ಅದು ಅದ’. ಮೊದಲು ಹೇಳಿದ್ದೂ ಈಗ ಹೇಳೋದೂ ಒಂದೇ ಅದ ಅನ್ನುವ ಮಾತು.

ಇ.ಜಿ. ಅಂದರೆ ‘ಎಕ್ಸೆಂಪ್ಲಿ ಗ್ರಾತಿಯಾ’. ಎಕ್ಸೆಂಪ್ಲಿ ಎಂದರೆ ಉದಾಹರಣೆಯ, ಷಷ್ಠಿ ವಿಭಕ್ತಿ. ಗ್ರಾತಿಯಾ ಎಂದರೆ ಸಲುವಾಗಿ. ಎರಡೂ ಸೇರಿ ‘ಉದಾಹರಣೆಯ ಸಲುವಾಗಿ’. ಬೆಂಗಳೂರಿನವರು ‘ಉದಾಹರಣೆಗೋಸ್ಕರ’ ಅಂದಾರು, ನಮಗೆ ‘ಸಲುವಾಗಿ’ಯೇ ಬಾಯಿಗೆ ಬರುವುದು. ಲ್ಯಾಟಿನ್ನಿನ ಆ ಎರಡು ಪದಗಳ ಕಟ್ಟು, ಮೊದಲು ಷಷ್ಠಿ ಆಮೇಲೆ ಸಲುವಾಗಿ ಎನ್ನುವ ಕ್ರಮ, ನಮ್ಮ ಮಾತಿನ ಕಟ್ಟಿನಂತೆಯೇ ಇದೆ. ಇಂಗ್ಲಿಷಿನವರು ಮಾತ್ರ ಅದನ್ನು ತಿರುಗಿಸಿ ‘ಫಾರ್ ಎಕ್ಸಾಂಪಲ್’ ಮಾಡಿಕೊಳ್ಳಬೇಕಾಯಿತು.

ನಮ್ಮ ಭಾಗದ ಹಿರಿಯರಿಗೆ ಈ ವ್ಯತ್ಯಾಸ ಹೊಸದಲ್ಲ. 1948ರವರೆಗೆ ಇಲ್ಲಿ ನಿಜಾಮರ ಆಡಳಿತ, ಕಚೇರಿಯ ಭಾಷೆ ಉರ್ದು. ಉರ್ದುವಿನಲ್ಲಿ ‘ಯಾನೆ’ ಬೇರೆ, ‘ಮಸಲನ್’ ಬೇರೆ. ಯಾನೆ ಎಂದರೆ ‘ಅಂದರೆ’, ಮಸಲನ್ ಎಂದರೆ ‘ಉದಾಹರಣೆಗೆ’. ಆ ‘ಯಾನೆ’ ಕನ್ನಡಕ್ಕೂ ಬಂದು ಕೋರ್ಟಿನ ನೋಟೀಸುಗಳಲ್ಲಿ ಇವತ್ತಿಗೂ ಕೂತಿದೆ. ಒಬ್ಬನೇ ಮನುಷ್ಯನಿಗೆ ಎರಡು ಹೆಸರಿದ್ದರೆ ಮೊದಲ ಹೆಸರು, ಯಾನೆ, ಎರಡನೇ ಹೆಸರು. ಅಲ್ಲಿ ಯಾರೂ ಆತ ಇಬ್ಬರು ಅಂತ ತಿಳಿಯುವುದಿಲ್ಲ. ಯಾನೆಯ ಆಚೆ ಈಚೆ ಇರುವುದು ಒಬ್ಬನೇ ಆಸಾಮಿ. ಐ.ಇ. ಮಾಡುವುದೂ ನೆಟ್ಟಗೆ ಅದೇ ಕೆಲಸ.

ಇದರಿಂದಲೇ ಒಂದು ಪರೀಕ್ಷೆ ಹುಟ್ಟುತ್ತದೆ. ಕಂಸದ ಹೊರಗಿನ ಮಾತು ತೆಗೆದು ಒಳಗಿನದನ್ನು ಅದರ ಜಾಗದಲ್ಲಿ ಇಡಬೇಕು. ಅರ್ಥ ಬದಲಾಗದಿದ್ದರೆ ಐ.ಇ. ಸರಿ. ‘ನಮ್ಮ ಜಿಲ್ಲಾ ಕೇಂದ್ರಕ್ಕೆ (ಐ.ಇ. ಯಾದಗಿರಿಗೆ) ಹೋಗಿ ಬಂದೆ’ ಅಂತ ಬರೆದರೆ, ಜಿಲ್ಲಾ ಕೇಂದ್ರ ತೆಗೆದು ಯಾದಗಿರಿ ಇಟ್ಟರೂ ನಾನು ಹೋದದ್ದು ಅದೇ ಊರಿಗೆ. ‘ನಮ್ಮ ಕಡೆಯ ಬೆಳೆಗಳಿಗೆ (ಇ.ಜಿ. ತೊಗರಿ, ಹತ್ತಿ) ಮಳೆ ಸಾಲಲಿಲ್ಲ’ ಅಂತ ಬರೆದರೆ ಹಂಗಲ್ಲ. ಬೆಳೆ ತೆಗೆದು ತೊಗರಿ, ಹತ್ತಿ ಅಷ್ಟೇ ಇಟ್ಟರೆ ಸಜ್ಜಿ, ಶೇಂಗಾ, ಹೆಸರು ಹಾಕಿದವರು “ನಮ್ಮದು ಎಲ್ಲಿ ಹೋತ್ರೀ?” ಅಂತ ಕೇಳುತ್ತಾರೆ. ಅಲ್ಲಿ ಇ.ಜಿ.ಯೇ ಬೇಕು.

ಹುಡುಗರಿಗೆ ಹೇಳುವಾಗ ನಾನು ಲ್ಯಾಟಿನ್ ತೆಗೆಯುವುದಿಲ್ಲ. ಅವರು ಮೊಬೈಲಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುವವರು. “‘ಇಷ್ಟೇ’ ಅಂತ ಹೊಡೀರಿ, ಮೊದಲ ಯಾವ ಅಕ್ಷರ ಬರ್ತದ?” ಅಂದರೆ “ಐ” ಅಂತಾರೆ. “‘ಎಷ್ಟೋ’ ಅಂತ ಹೊಡೀರಿ?” “ಇ.” ಮುಗೀತು. ಐ ಮೊದಲಿದ್ದರೆ ‘ಇಷ್ಟೇ’, ಪಟ್ಟಿ ಇಲ್ಲಿಗೆ ಮುಗಿಯಿತು. ಇ ಮೊದಲಿದ್ದರೆ ‘ಎಷ್ಟೋ’, ಇಂಥವು ಇನ್ನೂ ಅವ. ಇಂಗ್ಲಿಷ್ ಮಾಧ್ಯಮದವರು ‘ಎಕ್ಸಾಂಪಲ್ ಗಿವನ್’ ಅಂತ ಇ.ಜಿ.ಯನ್ನು ನೆನಪಿಡುತ್ತಾರೆ. ಅದು ಬಿಡಿಸಿದ ರೂಪ ಅಲ್ಲ, ನೆನಪಿನ ಗಂಟು ಅಷ್ಟೇ. ನಮ್ಮ ಗಂಟು ಅದಕ್ಕಿಂತ ಗಟ್ಟಿ ಅಂತ ನನ್ನ ಅಭಿಪ್ರಾಯ, ಯಾಕಂದರೆ ಇದು ಎರಡನ್ನೂ ಒಟ್ಟಿಗೆ ಹಿಡಿಯುತ್ತದೆ.

ಈಗ ನೋಟೀಸಿಗೆ ಬರೋಣ. ಬರೆದದ್ದು ಐ.ಇ. ಆದರೂ ಬರೆದವರ ಮನಸ್ಸಿನಲ್ಲಿ ಇ.ಜಿ. ಇತ್ತು ಅಂತ ನನಗೆ ಅನುಮಾನ ಬಂದದ್ದು ಹೇಗೆ? ಹೊರಗಿನ ಮಾತು ದೊಡ್ಡದು, ಒಳಗಿನ ಪಟ್ಟಿ ಸಣ್ಣದು. ‘ಉತ್ತರ ಕರ್ನಾಟಕದ ಹಿಂದುಳಿದ ಜಿಲ್ಲೆಗಳು’ ಅಂತ ಇಷ್ಟಗಲ ಚಾದರ ಹಾಸಿ ಅದರ ಮೇಲೆ ಎರಡೇ ಜಿಲ್ಲೆ ಕೂಡಿಸಿದಾರೆ. ಎರಡೇ ಜಿಲ್ಲೆಗೆ ಕೊಡುವ ಮನಸ್ಸಿದ್ದರೆ ‘ರಾಯಚೂರು ಮತ್ತು ಕಲಬುರಗಿ ಜಿಲ್ಲೆಗಳ ವಿದ್ಯಾರ್ಥಿನಿಯರು’ ಅಂತ ನೇರವಾಗಿ ಬರೆಯುತ್ತಿದ್ದರು, ಚಾದರದ ಹಂಗೇ ಇರುತ್ತಿರಲಿಲ್ಲ. ಮತ್ತ, ಎರಡು ಹೆಸರಿನ ನಡುವೆ ‘ಮತ್ತು’ ಇಲ್ಲ, ಬರೀ ಅಲ್ಪವಿರಾಮ. ಮುಗಿದ ಪಟ್ಟಿಗೆ ಕೊನೆಯ ಹೆಸರಿನ ಮೊದಲು ‘ಮತ್ತು’ ಬರುವುದು ವಾಡಿಕೆ. ಬರೀ ಅಲ್ಪವಿರಾಮ ಹಾಕಿದವನ ಕೈ ಇನ್ನೂ ಹೆಸರು ಹುಡುಕುತ್ತಿತ್ತು.

ಆದರೆ ಅನುಮಾನದ ಮೇಲೆ ಅರ್ಜಿ ಹಾಕಲಿಕ್ಕೆ ಬರುವುದಿಲ್ಲ. ಎರಡನೇ ಸಾಲು ಇದಕ್ಕಿಂತ ಕುತಂತ್ರದ್ದು. ಅಲ್ಲಿ ಇ.ಜಿ. ಇದೆ. ಅಕ್ಷರಶಃ ಓದಿದರೆ, ದಾಖಲೆಗಳಿಗೆ ಇವು ಉದಾಹರಣೆ, ಇಂಥವನ್ನು ಲಗತ್ತಿಸಿ. ಆಕೆಯ ಅಪ್ಪ ಹಿಂದೆಯೇ ನಿಂತಿದ್ದ. “ಸರ, ರೇಷನ್ ಕಾರ್ಡು ಅದ, ಮಾರ್ಕ್ಸ್ ಕಾರ್ಡು ಅದ. ಆದಾಯದ್ದು ಹೋದ ಸಲದ್ದು ಮುದತ್ತು ಮುಗಿದದ. ಉದಾಹರಣೆ ಅಂತ ಅದಲ್ರೀ, ಎರಡು ಕೊಟ್ರ ಆಯ್ತಲ್ಲ?” ಅಂದ. ಅವನ ಓದೂ ಸರಿಯೇ. ಆದರೆ ವಿದ್ಯಾರ್ಥಿವೇತನ ಕೊಡುವವರು ಆದಾಯ ಪ್ರಮಾಣಪತ್ರ ಇಲ್ಲದೆ ಅರ್ಜಿ ತಗೊಳ್ಳುವುದು ನಾನು ಎಲ್ಲೂ ನೋಡಿಲ್ಲ. ಮೊದಲ ಕಂಸದಲ್ಲಿ ತೆರೆದ ಬಾಗಿಲಿಗೆ ಮುಚ್ಚಿದ ಹಲಗೆ, ಎರಡನೇ ಕಂಸದಲ್ಲಿ ಮುಚ್ಚಿದ ಬಾಗಿಲಿಗೆ ತೆರೆದ ಹಲಗೆ ಹಾಕಿದಾರೆ ಅಂತ ನನಗೆ ಅನ್ನಿಸಿತು.

ಫೋನ್ ಮಾಡಿದೆವು. ಎತ್ತಿದವರು ಸೌಮ್ಯವಾಗಿಯೇ ಮಾತಾಡಿದರು. “ಅಯ್ಯೋ, ಯಾದಗಿರಿಯವರೂ ಹಾಕಬಹುದು ಸರ್, ಅವು ಸುಮ್ಮನೆ ಎಕ್ಸಾಂಪಲ್ಲು.” ದಾಖಲೆ ಕೇಳಿದೆ. “ಮೂರೂ ಕಂಪಲ್ಸರಿ ಸರ್. ಒಂದು ಇಲ್ಲಾಂದ್ರೂ ಸಿಸ್ಟಮ್ಮಿನಲ್ಲಿ ರಿಜೆಕ್ಟ್ ಆಗುತ್ತೆ.”

ಫೋನಿನ ಮಾತು ಫೋನಿನಲ್ಲೇ ಉಳಿಯುತ್ತದೆ. ನಾಳೆ ಬೇರೆಯವರು ಎತ್ತಿ, ಐ.ಇ. ತೋರಿಸಿ, ನಿಮ್ಮ ಜಿಲ್ಲೆ ಇಲ್ಲ ಅಂದರೆ ಕಾಗದ ಅವರ ಕಡೆಗೇ ಸಾಕ್ಷಿ ಹೇಳುತ್ತದೆ. ಹಂಗಾಗಿ ಆಕೆಯ ಕೈಯಿಂದಲೇ ಒಂದು ಮೇಲ್ ಬರೆಸಿದೆ. ‘ನಿಮ್ಮ ನೋಟೀಸಿನ ಭಾಷೆ ತಪ್ಪಿದೆ’ ಅಂತ ಬರೆಯಲಿಲ್ಲ, ಅದರಿಂದ ಉಪಯೋಗ ಇಲ್ಲ. ಎರಡೇ ಪ್ರಶ್ನೆ. ಒಂದು, ರಾಯಚೂರು ಮತ್ತು ಕಲಬುರಗಿ ಎಂಬುದು ಪೂರ್ತಿ ಪಟ್ಟಿಯೋ, ಅಥವಾ ಯಾದಗಿರಿಯಂಥ ಬೇರೆ ಜಿಲ್ಲೆಗಳೂ ಸೇರುತ್ತವೆಯೋ? ಎರಡು, ಹೇಳಿದ ಮೂರು ದಾಖಲೆಗಳಷ್ಟೇ ಬೇಕೋ, ಮೂರೂ ಕಡ್ಡಾಯವೋ? ಪ್ರಶ್ನೆಯಲ್ಲಿ ಐ.ಇ.ಯನ್ನೂ ಇ.ಜಿ.ಯನ್ನೂ ಬೇಕಂತಲೇ ಬಿಟ್ಟೆವು. ಗೊಂದಲ ಹುಟ್ಟಿಸಿದ ಅಕ್ಷರಗಳಲ್ಲೇ ಗೊಂದಲ ಕೇಳಬಾರದು. ಎರಡು ದಿನಕ್ಕೆ ಉತ್ತರ ಬಂತು, ಫೋನಿನಲ್ಲಿ ಹೇಳಿದ್ದೇ ಬರಹದಲ್ಲಿ. ಅಷ್ಟರಲ್ಲಿ ಅಪ್ಪ ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟಾಗಿತ್ತು. ಅದು ಕೈಗೆ ಬಂದದ್ದು ಕೊನೆಯ ದಿನಾಂಕಕ್ಕೆ ಎರಡು ದಿನ ಮೊದಲು. ಮೇಲಿನ ಉತ್ತರವನ್ನೂ ಪ್ರಿಂಟ್ ತೆಗೆದು ಅರ್ಜಿಯ ಜೊತೆ ಇಟ್ಟೆವು.

ಆಕೆಗೆ ಹಣ ಬಂತು. ಬಂದ ಮೇಲೆ ಆಕೆ ಹೇಳಿದ ಮಾತು ನನ್ನನ್ನು ಚುಚ್ಚುತ್ತಿದೆ. “ಕಾಕಾ, ನಮ್ಮ ಹಾಸ್ಟೆಲಿನ್ಯಾಗ ಆರು ಮಂದಿ ಈ ನೋಟೀಸ್ ನೋಡಿದ್ವಿ. ನಾ ಒಬ್ಬಾಕಿನೇ ಹಾಕಿದ್ದು. ಉಳದವರು ನಮ್ಮ ಜಿಲ್ಲಾ ಇಲ್ಲ ಅಂತ ಬಿಟ್ಟುಬಿಟ್ರು.” ಆ ಐವರೂ ನೋಟೀಸನ್ನು ಸರಿಯಾಗಿ ಓದಿದ್ದರು. ಸರಿಯಾಗಿ ಓದಿದ್ದಕ್ಕೇ ಕಳೆದುಕೊಂಡರು.

ಇದನ್ನೆಲ್ಲ ಕೇಳಿದ ಒಬ್ಬ ಗೆಳೆಯರು, “ಇಷ್ಟು ಸಣ್ಣ ಅಕ್ಷರಕ್ಕ ಅಷ್ಟು ಗಂಟುಬೀಳಬ್ಯಾಡ್ರಿ, ಕೋರ್ಟೇನು ಇದನ್ನ ನೋಡ್ತದೇನು?” ಅಂದರು. ನೋಡಿದೆ. ಕಾನೂನಿನ ಇಂಗ್ಲಿಷಿನಲ್ಲಿ ಐ.ಇ.ಯ ಬದಲು ಅದನ್ನೇ ಬಿಡಿಸಿ ‘ದಟ್ ಈಸ್ ಟು ಸೇ’ ಅಂತ ಬರೆಯುತ್ತಾರೆ. 1956ರ ಕೇಂದ್ರ ಮಾರಾಟ ತೆರಿಗೆ ಕಾಯ್ದೆಯ 14ನೇ ಸೆಕ್ಷನ್ನಿನಲ್ಲಿ ‘ಕಬ್ಬಿಣ ಮತ್ತು ಉಕ್ಕು, ಅಂದರೆ’ ಎಂದು ಬರೆದು ಮುಂದೆ ಒಂದು ಪಟ್ಟಿ ಕೊಟ್ಟಿದ್ದರು. ಗುಜರಿ ಕಬ್ಬಿಣಕ್ಕೆ ಒಮ್ಮೆ ತೆರಿಗೆ ಕಟ್ಟಿದ ಮೇಲೆ ಅದನ್ನೇ ಕರಗಿಸಿ ಮಾಡಿದ ಉಕ್ಕಿನ ಸಾಮಾನಿಗೆ ಮತ್ತೆ ತೆರಿಗೆ ಯಾಕೆ, ಎಲ್ಲವೂ ‘ಕಬ್ಬಿಣ ಮತ್ತು ಉಕ್ಕು’ ಅಲ್ಲವೇ ಎನ್ನುವುದು ವ್ಯಾಪಾರಿಗಳ ವಾದ. ತಮಿಳುನಾಡು ಸರ್ಕಾರ ಮತ್ತು ಪ್ಯಾರೇಲಾಲ್ ಮಲ್ಹೋತ್ರಾ ನಡುವಿನ ಈ ಪ್ರಕರಣವನ್ನು ಸುಪ್ರೀಂ ಕೋರ್ಟು 1976ರಲ್ಲಿ ತೀರ್ಮಾನಿಸಿತು. ‘ಅಂದರೆ’ ಎನ್ನುವ ಆ ಮಾತು ಸಾಮಾನ್ಯವಾಗಿ ಹಿಂದೆ ಹೇಳಿದ್ದರ ಅರ್ಥವನ್ನು ಸ್ಪಷ್ಟ ಮಾಡಿ ಗಟ್ಟಿಯಾಗಿ ನಿಲ್ಲಿಸಲು ಇರುವುದು, ಪಟ್ಟಿಯಲ್ಲಿ ಬೇರೆ ಬೇರೆ ಹೆಸರಿಸಿದವು ತೆರಿಗೆಯ ಮಟ್ಟಿಗೆ ಬೇರೆ ಬೇರೆ ಸರಕು ಎಂಬ ಅರ್ಥದಲ್ಲಿ ಅದು ಹೇಳಿತು. ಸರ್ಕಾರ ಗೆದ್ದಿತು. ಅದೇ ಜಾಗದಲ್ಲಿ ‘ಉದಾಹರಣೆಗೆ’ ಅಂತ ಇದ್ದಿದ್ದರೆ ವಾದದ ದಿಕ್ಕೇ ಬೇರೆ ಆಗುತ್ತಿತ್ತು.

ಐ.ಇ.ಗೆ ಇನ್ನೊಂದು ಗುಣ ಅದ, ಅದು ಮುಪ್ಪಾಗ್ತದ. ನಮ್ಮ ಜಿಲ್ಲೆಯನ್ನೇ ನೋಡಿ. 2009ರ ಡಿಸೆಂಬರ್ ಕೊನೆಗೆ ಯಾದಗಿರಿ ಜಿಲ್ಲೆಯಾದಾಗ ತಾಲ್ಲೂಕು ಮೂರೇ. ‘ಜಿಲ್ಲೆಯ ತಾಲ್ಲೂಕುಗಳು (ಐ.ಇ. ಯಾದಗಿರಿ, ಶಹಾಪುರ ಮತ್ತು ಸುರಪುರ)’ ಅಂತ ಅವತ್ತು ಬರೆದಿದ್ದರೆ ಅದು ನೂರಕ್ಕೆ ನೂರು ಸರಿ. 2018ರಲ್ಲಿ ಗುರುಮಠಕಲ್, ಹುಣಸಗಿ, ವಡಗೇರಾ ಸೇರಿ ಆರಾದವು. ಹಳೇ ಕಡತದಿಂದ ಆ ಸಾಲನ್ನು ನಕಲು ಹೊಡೆದು ಹೊಸ ನೋಟೀಸಿಗೆ ಹಾಕಿದರೆ ವಡಗೇರಾದವನು ಜಿಲ್ಲೆಯಿಂದಲೇ ಹೊರಗೆ ಬೀಳುತ್ತಾನೆ. ಇ.ಜಿ. ಇದ್ದಿದ್ದರೆ ಆ ಸಾಲು ಅವತ್ತೂ ಸರಿ, ಇವತ್ತೂ ಸರಿ. ಅಂದಮಾತ್ರಕ್ಕೆ ಎಲ್ಲಾ ಕಡೆ ಇ.ಜಿ. ಹಾಕಿ ಪಾರಾಗುತ್ತೇನೆ ಅನ್ನುವವರು ಆದಾಯ ಪ್ರಮಾಣಪತ್ರದ ಕಥೆ ನೆನಪಿಡಬೇಕು.

ಐ.ಇ. ಮುಂದೆ ಪಟ್ಟಿಯೇ ಬರಬೇಕೆಂದಿಲ್ಲ. ‘ಹಣವನ್ನು ಪರಿಶೀಲನೆಯ ನಂತರ ಕೊಡಲಾಗುವುದು, ಐ.ಇ. ಡಿಸೆಂಬರ್‌ಗೆ ಮೊದಲು ಕೇಳಬೇಡಿ’ ಅನ್ನುವ ಥರ, ಹೇಳಿದ್ದನ್ನೇ ಬಿಡಿಸಿ ಹೇಳಲಿಕ್ಕೂ ಅದು ಬರುತ್ತದೆ. ಈ ಕೆಲಸ ಇ.ಜಿ.ಯಿಂದ ಆಗುವುದಿಲ್ಲ.

ಇನ್ನು ‘ಎಟ್ಸೆಟ್ರಾ’ದ ಕಾಟ. ಇದಕ್ಕೆ ನಮ್ಮಲ್ಲಿ ‘ಇತ್ಯಾದಿ’ ಅದ, ‘ವಗೈರೆ’ ಅದ. ಇ.ಜಿ. ಹಾಕಿದ ಮೇಲೆ ಕೊನೆಗೆ ವಗೈರೆ ಬೇಡ. ಉದಾಹರಣೆ ಅಂದಾಗಲೇ ಇನ್ನೂ ಇವೆ ಅಂತ ಗೊತ್ತಾಗಿದೆ. ಹಾಕಿದರೆ ಊಟಕ್ಕೆ ಎರಡು ಸಲ ಕರೆದಂಗ, ಅಪಾಯ ಏನಿಲ್ಲ. ಐ.ಇ. ಹಾಕಿ ಕೊನೆಗೆ ವಗೈರೆ ಬರೆದರೆ ಮಾತ್ರ ಸಾಲು ತನ್ನ ಮಾತಿಗೆ ತಾನೇ ತಪ್ಪುತ್ತದೆ. ‘ಇಷ್ಟೇ, ಮತ್ತ ಇನ್ನೂ ಅವ’ ಅಂದಂತೆ. ಓದುವವರಿಗೆ ಇದೊಂದು ಒಳ್ಳೆ ಗುರುತು. ಐ.ಇ. ಮುಂದೆ ವಗೈರೆ ಕಂಡರೆ ಬರೆದವನ ಮನಸ್ಸಿನಲ್ಲಿದ್ದದ್ದು ಬಹುಮಟ್ಟಿಗೆ ಇ.ಜಿ.ಯೇ. ಹಾಗೇ ‘ಯಾವುದೇ ಗುರುತಿನ ಚೀಟಿ (ಐ.ಇ. ಆಧಾರ್)’ ಅಂತ ಕಂಡರೂ ಅನುಮಾನಪಡಿ. ‘ಯಾವುದೇ’ ಅಂದವರು ‘ಇಷ್ಟೇ’ ಅನ್ನಲಿಕ್ಕೆ ಬರುವುದಿಲ್ಲ.

ಚುಕ್ಕಿ, ಅಲ್ಪವಿರಾಮದ ಬಗ್ಗೆ ಕೇಳುವವರು ಬಹಳ. ಅಮೆರಿಕದವರು ಚುಕ್ಕಿಗಳನ್ನು ಇಟ್ಟು, ಆಮೇಲೆ ಅಲ್ಪವಿರಾಮವನ್ನೂ ಹಾಕುತ್ತಾರೆ. ಬ್ರಿಟನ್ನಿನಲ್ಲಿ ಅಲ್ಪವಿರಾಮ ಬಿಡುವುದು ಹೆಚ್ಚು, ಕೆಲವು ಪತ್ರಿಕೆಗಳು ಚುಕ್ಕಿಯನ್ನೂ ಬಿಟ್ಟಿವೆ. ನಮ್ಮಲ್ಲಿ ಎರಡೂ ನಡೆಯುತ್ತದೆ. ಒಂದು ಬರಹದಲ್ಲಿ ಒಂದೇ ರೀತಿ ಇದ್ದರೆ ಸಾಕು, ಇದಕ್ಕಾಗಿ ಜಗಳ ಆಡುವುದರಲ್ಲಿ ಅರ್ಥ ಇಲ್ಲ. ವಾಕ್ಯವನ್ನು ಇವುಗಳಿಂದ ಶುರು ಮಾಡುವುದು ಮಾತ್ರ ಚಂದ ಕಾಣುವುದಿಲ್ಲ. ಅಲ್ಲಿ ‘ಫಾರ್ ಎಕ್ಸಾಂಪಲ್’ ಅಂತ ಬಿಡಿಸಿಯೇ ಬರೆಯಬೇಕು.

ಹಂಗ ನೋಡಿದರೆ ಎಲ್ಲಾ ಕಡೆ ಬಿಡಿಸಿಯೇ ಬರೆದರೂ ನಷ್ಟವೇನು? ಬ್ರಿಟನ್ ಸರ್ಕಾರದ ಜಾಲತಾಣದವರು 2016ರಲ್ಲಿ ಈ ಎರಡನ್ನೂ, ಜೊತೆಗೆ ಎಟ್ಸೆಟ್ರಾವನ್ನೂ, ಕೈಬಿಡುತ್ತೇವೆ ಅಂತ ಹೇಳಿದರು. ಕಣ್ಣು ಕಾಣದವರಿಗಾಗಿ ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶಗಳಲ್ಲಿ ಕೆಲವು ಚುಕ್ಕಿಯಿಲ್ಲದ ಇ.ಜಿ.ಯನ್ನು ‘ಎಗ್’ ಅಂತ, ಅಂದರೆ ತತ್ತಿ ಅಂತ ಓದುತ್ತಿದ್ದವಂತೆ. ‘ದಾಖಲೆಗಳನ್ನು ಲಗತ್ತಿಸಿ, ತತ್ತಿ, ರೇಷನ್ ಕಾರ್ಡು’ ಅಂತ ಕೇಳಿದವರು ಏನು ತಿಳಿಯಬೇಕು? ಅವರು ಈಗ ‘ಫಾರ್ ಎಕ್ಸಾಂಪಲ್’, ‘ಸಚ್ ಆಸ್’ ಅಂತಲೇ ಬರೆಯುತ್ತಾರೆ.

ಆ ಟ್ರಸ್ಟಿನವರು ಮರುವರ್ಷದ ನೋಟೀಸಿನಲ್ಲಿ ಆರು ಜಿಲ್ಲೆಗಳ ಹೆಸರು ಹಾಕಿದ್ದರು, ಯಾದಗಿರಿ ಸೇರಿ. ಕಂಸ ತೆಗೆದಿದ್ದರು. ದಾಖಲೆಯ ಸಾಲಿನಲ್ಲಿ ಮಾತ್ರ ಇ.ಜಿ. ಇನ್ನೂ ಹಾಗೇ ಕೂತಿತ್ತು. ಹಾಸ್ಟೆಲಿನ ಹುಡುಗಿಯರು ಅದರ ಪಕ್ಕಕ್ಕೆ ಪೆನ್ನಿನಲ್ಲಿ ‘ಮೂರೂ ಬೇಕು’ ಅಂತ ಬರೆದು ಗೋಡೆಗೆ ಹಚ್ಚಿದ್ದರು.